ಅತಿಥಿಯ ಪರಿಚಯ: ಒಂದೂವರೆ ನಿಮಿಷದ ಮಾತಿಗೆ ಬೇಕಾದ ಹುಡುಕಾಟ

ಸಭೆಯಲ್ಲಿ ಅತಿಥಿಯನ್ನು ಪರಿಚಯಿಸುವ ಮಾತು ಕೇಳುಗರ ಮನಸ್ಸಿನ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಇಂದಿನ ವಿಷಯವನ್ನು ಇವರಿಂದಲೇ ಯಾಕೆ ಕೇಳಬೇಕು? ಈ ಉತ್ತರಕ್ಕೆ ಒಂದೂವರೆ ನಿಮಿಷ ಸಾಕು, ಎರಡು ನಿಮಿಷ ಧಾರಾಳ. ಕನ್ನಡವನ್ನು ಸ್ಪಷ್ಟವಾಗಿ, ಉಸಿರು ತೆಗೆದುಕೊಂಡು ಓದಿದರೆ ನಿಮಿಷಕ್ಕೆ ತೊಂಬತ್ತರಿಂದ ನೂರು ಪದಗಳಾಗುತ್ತವೆ. ಅಂದರೆ ಬರೆಯಬೇಕಾದದ್ದು ಸುಮಾರು 150 ಪದ, ಅರ್ಧ ಪುಟ. ಅತಿಥಿ ಕಳಿಸುವ ಸ್ವವಿವರ ಸಾಮಾನ್ಯವಾಗಿ ಮೂರು ನಾಲ್ಕು ಪುಟ ಇರುತ್ತದೆ. ಅದರಿಂದ ಅರ್ಧ ಪುಟ ಆರಿಸುವುದು ಕೆಲಸದ ಒಂದು ಭಾಗವಾದರೆ, ಆ ಅರ್ಧ ಪುಟದ ಪ್ರತಿ ಮಾತೂ ನಿಜವೆಂದು ಖಚಿತ ಮಾಡಿಕೊಳ್ಳುವುದು ದೊಡ್ಡ ಭಾಗ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಾಲೇಜು, ಸಹಕಾರಿ ಸಂಘ, ನೇಕಾರರ ಸಂಘ, ಮಠದ ಅನುಭಾವ ಗೋಷ್ಠಿಗಳಲ್ಲಿ ಪರಿಚಯದ ಹೊಣೆ ಸಾಮಾನ್ಯವಾಗಿ ಒಬ್ಬ ಶಿಕ್ಷಕರಿಗೋ ಕಾರ್ಯಕರ್ತರಿಗೋ ಹಿಂದಿನ ದಿನ ಸಂಜೆ ಬೀಳುತ್ತದೆ. ಕೈಯಲ್ಲಿರುವುದು ಆಮಂತ್ರಣ ಪತ್ರಿಕೆ ಮತ್ತು ವಾಟ್ಸ್ಆ್ಯಪ್‌ನಲ್ಲಿ ಬಂದ ಬಯೋಡಾಟಾ, ಅಷ್ಟೆ. ಅವರು ಬಯೋಡಾಟಾವನ್ನು ಹುಟ್ಟಿದ ದಿನದಿಂದ ಹಿಡಿದು ಕೊನೆಯ ಪ್ರಶಸ್ತಿಯವರೆಗೆ ಓದಿಬಿಡುತ್ತಾರೆ. ಇದರಲ್ಲಿ ಅವರ ತಪ್ಪಿಗಿಂತ ವ್ಯವಸ್ಥೆಯ ತಪ್ಪು ಹೆಚ್ಚು. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ ಪರಿಚಯಕಾರರನ್ನು ಗೊತ್ತು ಮಾಡಬೇಕು. ಪರಿಚಯಕ್ಕಾಗಿ ಮಾಡುವ ಹುಡುಕಾಟವೇ ಪತ್ರಿಕೆಯಲ್ಲಿ, ಬ್ಯಾನರ್‌ನಲ್ಲಿ ಅಚ್ಚಾಗುವ ಹೆಸರು ಮತ್ತು ಹುದ್ದೆಯನ್ನೂ ಸರಿಮಾಡುತ್ತದೆ. ಬ್ಯಾನರ್ ಕಟ್ಟಿದ ಮೇಲೆ ಗೊತ್ತಾಗುವ ತಪ್ಪನ್ನು ಯಾರೂ ತಿದ್ದಲಾರರು. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಶುರು ಮಾಡಿದರೆ ದಿನಕ್ಕೆ ಅರ್ಧ ಗಂಟೆಯ ಕೆಲಸದಲ್ಲಿ ಎಲ್ಲ ಮುಗಿಯುತ್ತದೆ.

ಬಯೋಡಾಟಾ ಸುಳ್ಳು ಹೇಳದಿರಬಹುದು, ಆದರೆ ಅದು ಬೇರೆ ಉದ್ದೇಶಕ್ಕೆ ಬರೆದದ್ದು. ಬಡ್ತಿಯ ಅರ್ಜಿಗೆ, ಪ್ರಶಸ್ತಿಯ ಅರ್ಜಿಗೆ ಸಿದ್ಧಪಡಿಸಿದ ಪಟ್ಟಿಯಲ್ಲಿ ಎಲ್ಲವೂ ಇರುತ್ತದೆ, ಈ ಸಭೆಗೆ ಬೇಕಾದ ಒಂದು ಸಾಲು ಇರುವುದಿಲ್ಲ. ಹಲವು ಬಾರಿ ಅದು ಐದಾರು ವರ್ಷ ಹಳೆಯದು, ಅತಿಥಿಯ ಶಿಷ್ಯರೊಬ್ಬರು ಟೈಪ್ ಮಾಡಿದ್ದು. ಆದ್ದರಿಂದ ಅದನ್ನು ತರಿಸಿಕೊಳ್ಳುವಾಗಲೇ ಕೆಲವು ನೇರ ಪ್ರಶ್ನೆಗಳನ್ನು ಕೇಳಿಬಿಡುವುದು ಒಳ್ಳೆಯದು. ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ, ಈಗಿನ ಹುದ್ದೆ ಯಾವುದು, ಈ ವಿಷಯದಲ್ಲಿ ನೀವು ಮಾಡಿದ ಕೆಲಸಗಳಲ್ಲಿ ನಮ್ಮ ಕೇಳುಗರಿಗೆ ಯಾವುದನ್ನು ಹೇಳಬೇಕು, ಯಾವುದನ್ನು ಹೇಳದಿದ್ದರೆ ಒಳ್ಳೆಯದು. ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚ ಬೇಡ. ಅತಿಥಿಗಳು ಬಹಳ ಸಮಾಧಾನದಿಂದ ಉತ್ತರಿಸುವುದು ಅದಕ್ಕೇ.

ಪರೀಕ್ಷೆ ಹೆಸರಿನಿಂದ ಆರಂಭವಾಗಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬಂದ ಹೆಸರನ್ನು ಕನ್ನಡಕ್ಕೆ ತರುವಾಗ ತ-ಟ, ಲ-ಳ, ನ-ಣ ಕಲಸಿಹೋಗುತ್ತವೆ. ಸಾವಳಗಿಯ ಬಿ.ಡಿ. ಜತ್ತಿಯವರ ಹೆಸರನ್ನು ಇಂಗ್ಲಿಷ್‌ನಲ್ಲಿ ಮಾತ್ರ ನೋಡಿದವರು ‘ಜಟ್ಟಿ’ ಎಂದು ಓದಿದರೆ ತಡೆಯಲು ಆ ಅಕ್ಷರಗಳಲ್ಲಿ ಏನೂ ಇಲ್ಲ. ಇದಕ್ಕೆ ಉಪಾಯ ಸರಳ. ಅತಿಥಿಯ ಯಾವುದಾದರೂ ಕನ್ನಡ ಪುಸ್ತಕದ ಮುಖಪುಟ ನೋಡಬೇಕು, ಇಲ್ಲವೇ ಫೋನಿನಲ್ಲಿ ಅವರೇ ತಮ್ಮ ಹೆಸರು ಹೇಳುವುದನ್ನು ಕೇಳಿ ಬರೆದುಕೊಳ್ಳಬೇಕು.

ಈ ಸೀಮೆಯ ಅಡ್ಡಹೆಸರುಗಳು ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತವೆ. ಗಲಗಲಿ, ಲೋಕಾಪುರ, ಬೀಳಗಿ, ಮುಧೋಳ, ಜಮಖಂಡಿ ಇವೆಲ್ಲ ಊರುಗಳೂ ಹೌದು, ಮನೆತನಗಳ ಹೆಸರೂ ಹೌದು. ಮುಧೋಳ ಎಂಬ ಅಡ್ಡಹೆಸರಿನವರು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಹುಟ್ಟಿ ಬೆಳೆದಿರಬಹುದು, ಮುಧೋಳವನ್ನು ಒಮ್ಮೆಯೂ ನೋಡದೆ ಇರಬಹುದು. ಅಂಥವರನ್ನು ‘ನಮ್ಮ ಮುಧೋಳದ ಮಣ್ಣಿನ ಮಗ’ ಎಂದರೆ ಅತಿಥಿಗೆ ಮುಜುಗರ. ಇದಕ್ಕೆ ಸತ್ಯಕಾಮರ ಹೆಸರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು ಹುಟ್ಟಿದ್ದು ಬೀಳಗಿ ತಾಲೂಕಿನ ಗಲಗಲಿಯಲ್ಲಿ, ಮನೆತನದ ಹೆಸರು ಶಹಾಪುರ, ಪೂರ್ಣ ಹೆಸರು ಅನಂತಕೃಷ್ಣ ಶಹಾಪುರ, ಕೊನೆಗೆ ನೆಲೆಸಿದ್ದು ಜಮಖಂಡಿ ಹತ್ತಿರದ ಕಲ್ಲಹಳ್ಳಿಯಲ್ಲಿ, ಓದುಗರಿಗೆ ಗೊತ್ತಿರುವುದು ‘ಸತ್ಯಕಾಮ’ ಎಂಬ ಕಾವ್ಯನಾಮ. ಒಬ್ಬರೇ ವ್ಯಕ್ತಿಗೆ ಮೂರು ಊರು, ಎರಡು ಹೆಸರು. ಇಂಥ ಅತಿಥಿಯನ್ನು ಸಭೆಗೆ ಗೊತ್ತಿರುವ ಹೆಸರಿನಿಂದ ಪರಿಚಯಿಸಿ, ಮೂಲ ಹೆಸರನ್ನು ಅಗತ್ಯವಿದ್ದರೆ ಒಮ್ಮೆ ಮಾತ್ರ ಹೇಳಿದರೆ ಸಾಕು.

ಅಂತರ್ಜಾಲದಲ್ಲಿ ಹುಡುಕುವಾಗ ಹೆಸರಿನ ಜೊತೆಗೆ ಊರನ್ನಷ್ಟೇ ಸೇರಿಸಿದರೆ ಸಾಲದು. ಪಾಟೀಲ, ಕುಲಕರ್ಣಿ, ಹೊಸಮನಿ ಎಂಬ ಅಡ್ಡಹೆಸರಿಗೆ ಒಂದೇ ಇನಿಷಿಯಲ್ ಇರುವವರು ಒಂದೇ ತಾಲೂಕಿನಲ್ಲಿ ಹಲವರು ಸಿಗುತ್ತಾರೆ. ಮುಧೋಳ ಎಂಬ ಊರು ತೆಲಂಗಾಣದಲ್ಲೂ ಇದೆ, ಅದೂ ಒಂದು ವಿಧಾನಸಭಾ ಕ್ಷೇತ್ರ. ಸಿಕ್ಕ ಮಾಹಿತಿ ನಮ್ಮ ಅತಿಥಿಯದ್ದೇ ಎನ್ನಲು ಹೆಸರನ್ನು ಬಿಟ್ಟು ಇನ್ನೆರಡು ಗುರುತುಗಳು ಹೊಂದಬೇಕು: ಕೆಲಸ ಮಾಡಿದ ಸಂಸ್ಥೆ ಮತ್ತು ಕಾಲ, ಅಥವಾ ಪುಸ್ತಕ ಮತ್ತು ಪ್ರಕಾಶಕರು. ಒಂದೇ ಗುರುತು ಹೊಂದಿದರೆ ಆ ಮಾಹಿತಿಯನ್ನು ಅತಿಥಿಯ ಬಾಯಿಂದ ಖಚಿತಪಡಿಸಿಕೊಳ್ಳದೆ ಬಳಸಬಾರದು.

ಊರು, ತಾಲೂಕು, ಜಿಲ್ಲೆಯ ವಿಷಯದಲ್ಲಿ ಈ ಭಾಗದಷ್ಟು ತೊಡಕು ಕಡಿಮೆ ಕಡೆ ಇದ್ದೀತು. ಸ್ವಾತಂತ್ರ್ಯದವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ಬೀಳಗಿ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆ ಈ ಊರುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು, ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಬಾಗಲಕೋಟೆ ಜಿಲ್ಲೆ 1997ರಲ್ಲಿ ಬಿಜಾಪುರದಿಂದ ಬೇರೆಯಾಯಿತು, ಬಿಜಾಪುರ 2014ರಲ್ಲಿ ವಿಜಯಪುರವಾಯಿತು. ರಬಕವಿ-ಬನಹಟ್ಟಿ ತಾಲೂಕಾದದ್ದು ತೀರ ಇತ್ತೀಚೆಗೆ. ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ ‘ಜಮಖಂಡಿ ತಾಲೂಕಿನ ಬನಹಟ್ಟಿ’, ‘ಮುಧೋಳ ತಾಲೂಕಿನ ಮಹಾಲಿಂಗಪುರ’ ಎಂದಿದ್ದರೆ ಅದು ಆ ಕಾಲಕ್ಕೆ ಸರಿ. ಹೀಗಾಗಿ ಎರಡು ಪುಸ್ತಕಗಳಲ್ಲಿ ಒಬ್ಬರ ಹುಟ್ಟೂರಿಗೆ ಬೇರೆ ಬೇರೆ ತಾಲೂಕು, ಜಿಲ್ಲೆ ಕಂಡರೆ ಒಂದು ಸುಳ್ಳೆಂದು ತಿಳಿಯಬೇಕಿಲ್ಲ, ಎರಡೂ ಪುಸ್ತಕಗಳು ಅಚ್ಚಾದ ವರ್ಷವನ್ನು ಮೊದಲು ನೋಡಬೇಕು. ಪರಿಚಯದಲ್ಲಿ ಊರನ್ನಷ್ಟೇ ಹೇಳುವುದು ಸುರಕ್ಷಿತ. ‘ಸಾವಳಗಿಯವರು’ ಎಂದರೆ ಜಮಖಂಡಿಯ ಸಭೆಗೆ ಬೇರೇನೂ ಬೇಕಾಗಿಲ್ಲ. ಹೊರಗಿನ ಊರಿನಲ್ಲಿ ಹೇಳಬೇಕಾದರೆ ‘ಈಗಿನ ಬಾಗಲಕೋಟೆ ಜಿಲ್ಲೆಯ’ ಎಂಬ ಮೂರು ಪದ ಸೇರಿಸಿದರೆ ಇತಿಹಾಸವೂ ಉಳಿಯುತ್ತದೆ.

ಓದಿನ ವಿವರಕ್ಕೂ ಇದೇ ಕಾಲದ ಪರೀಕ್ಷೆ ಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಜಮಖಂಡಿಯ ಕಾಲೇಜಿನಲ್ಲಿ 1985ರಲ್ಲಿ ಬಿ.ಎ. ಮುಗಿಸಿದವರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದು 1986ರಲ್ಲಿ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ. ಅದಕ್ಕೂ ಮುಂಚಿನ ಪದವಿಗೆ ಈ ಹೆಸರುಗಳನ್ನು ಹಚ್ಚಿದ ಬಯೋಡಾಟಾ ಕಂಡರೆ ಟೈಪ್ ಮಾಡಿದವರು ಊಹೆಯಿಂದ ತುಂಬಿದ್ದಾರೆ ಎಂದರ್ಥ. ಒಂದು ಕಡೆ ಊಹಿಸಿದವರು ಇನ್ನೊಂದು ಕಡೆಯೂ ಊಹಿಸಿರಬಹುದು, ಆದ್ದರಿಂದ ಆ ಪುಟದ ಉಳಿದ ಸಾಲುಗಳನ್ನೂ ಎಚ್ಚರದಿಂದ ನೋಡಬೇಕು.

ಹೆಸರಿನ ಮುಂದಿನ ‘ಡಾ.’ ಮೂರು ದಾರಿಯಿಂದ ಬರುತ್ತದೆ: ವೈದ್ಯ ಪದವಿ, ಪಿಎಚ್‌.ಡಿ., ಗೌರವ ಡಾಕ್ಟರೇಟ್. ಪಿಎಚ್‌.ಡಿ. ಪ್ರಬಂಧಗಳ ರಾಷ್ಟ್ರೀಯ ಸಂಗ್ರಹವಾದ ‘ಶೋಧಗಂಗಾ’ದಲ್ಲಿ ಹೆಸರು, ಮಾರ್ಗದರ್ಶಕರು, ವರ್ಷ, ವಿಷಯ ಎಲ್ಲವೂ ಸಿಗುತ್ತವೆ. ಪ್ರಬಂಧದ ಶೀರ್ಷಿಕೆಯೇ ಎಷ್ಟೋ ಸಲ ಪರಿಚಯದ ಅತ್ಯುತ್ತಮ ಸಾಲಾಗುತ್ತದೆ. ಆದರೆ ಹಳೆಯ ಪ್ರಬಂಧಗಳು ಎಲ್ಲವೂ ಅಲ್ಲಿಗೆ ಸೇರಿಲ್ಲ, ಅಲ್ಲಿ ಇಲ್ಲದ್ದಕ್ಕೆ ಪದವಿಯೇ ಇಲ್ಲ ಎಂದುಕೊಳ್ಳಬಾರದು. ಗೌರವ ಡಾಕ್ಟರೇಟ್ ಕೊಟ್ಟ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪ್ರಕಟಿಸುವ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನೋಡಬಹುದು, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಪ್ರಕಟಿಸುತ್ತದೆ. ಮಾನ್ಯತೆ ಇಲ್ಲದ ಕಡೆಯಿಂದ ಬಂದದ್ದಾದರೆ ಯಾರಿಗೂ ನೋವಾಗದಂತೆ ‘ಶ್ರೀ’ ಅಥವಾ ‘ಶ್ರೀಮತಿ’ ಎಂದು ಶುರು ಮಾಡಿ ಅವರ ಕೆಲಸದ ಮಾತಿಗೆ ಹೋಗಬಹುದು. ‘ಪ್ರೊಫೆಸರ್’ ಎಂಬುದು ಕೂಡ ಒಂದು ನಿರ್ದಿಷ್ಟ ಹುದ್ದೆ. ಕಾಲೇಜಿನಲ್ಲಿ ಪಾಠ ಮಾಡುವವರೆಲ್ಲರನ್ನೂ ನಾವು ಪ್ರೀತಿಯಿಂದ ಹಾಗೆ ಕರೆಯುತ್ತೇವೆ, ಆದರೆ ವೇದಿಕೆಯ ಮೇಲೆ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೂರರಲ್ಲಿ ಸರಿಯಾದದ್ದನ್ನೇ ಹೇಳಬೇಕು.

ಹೆಚ್ಚು ತಪ್ಪಾಗುವುದು ಪ್ರಶಸ್ತಿಗಳಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ದೆಹಲಿಯದು, ಕರ್ನಾಟಕ ಸಾಹಿತ್ಯ ಅಕಾಡೆಮಿ ಬೆಂಗಳೂರಿನದು. ‘ಅಕಾಡೆಮಿ ಪ್ರಶಸ್ತಿ ಪುರಸ್ಕೃತರು’ ಎಂದಷ್ಟೇ ಹೇಳಿದರೆ ಸಭೆ ಮೊದಲನೆಯದೆಂದು ತಿಳಿಯುತ್ತದೆ. ಬೆಂಗಳೂರಿನ ಅಕಾಡೆಮಿಯಲ್ಲೇ ಗೌರವ ಪ್ರಶಸ್ತಿ, ಸಾಹಿತ್ಯಶ್ರೀ, ಪುಸ್ತಕ ಬಹುಮಾನ ಎಂದು ಬೇರೆ ಬೇರೆ ಇವೆ. ಗೌರವ ಪ್ರಶಸ್ತಿ ಒಟ್ಟು ಸಾಧನೆಗೆ, ಪುಸ್ತಕ ಬಹುಮಾನ ಒಂದು ಪುಸ್ತಕಕ್ಕೆ. ಬಹುಮಾನದ ಜೊತೆ ಬರುವ ವರ್ಷ ಪುಸ್ತಕ ಪ್ರಕಟವಾದ ವರ್ಷ, ಪ್ರದಾನ ಸಮಾರಂಭ ನಡೆಯುವುದು ಆಮೇಲೆ. ಪತ್ರಿಕೆಯ ಸುದ್ದಿಯಲ್ಲಿ ಒಂದು ವರ್ಷ, ಅಕಾಡೆಮಿಯ ಪಟ್ಟಿಯಲ್ಲಿ ಇನ್ನೊಂದು ವರ್ಷ ಕಾಣುವುದಕ್ಕೆ ಇದೇ ಕಾರಣ. ರಾಜ್ಯೋತ್ಸವ ಪ್ರಶಸ್ತಿಯಲ್ಲೂ ರಾಜ್ಯ ಸರ್ಕಾರದ್ದು, ಜಿಲ್ಲಾಡಳಿತದ್ದು ಬೇರೆ ಬೇರೆ. ‘ಜಿಲ್ಲಾ’ ಎಂಬ ಪದ ಬಿಟ್ಟುಹೋದರೆ ಆ ಪರಿಚಯ ಸುಳ್ಳಾಗುತ್ತದೆ. ಬಿಟ್ಟವರು ಪರಿಚಯಕಾರರಾದರೂ ಜನ ದೂರುವುದು ಅತಿಥಿಯನ್ನು.

ಪದ್ಮ ಪ್ರಶಸ್ತಿಗಳಿಗೆ ಕಾನೂನಿನದೇ ಒಂದು ಕಟ್ಟಳೆ ಇದೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ನಿಷೇಧಿಸುತ್ತದೆ. ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವುಗಳನ್ನು ಹೆಸರಿನ ಹಿಂದೆ ಮುಂದೆ ಹಚ್ಚಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆದರೂ ನಮ್ಮ ಬ್ಯಾನರ್‌ಗಳಲ್ಲಿ ‘ಪದ್ಮಶ್ರೀ ಇಂಥವರು’ ಎಂಬುದೇ ರೂಢಿ. ಮಹಾಲಿಂಗಪುರದ ಇಬ್ರಾಹಿಂ ಸುತಾರರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅವರು 2022ರಲ್ಲಿ ತೀರಿಕೊಂಡರು. ಅವರಂಥವರನ್ನು ಪರಿಚಯಿಸುವಾಗ ಸರಿಯಾದ ವಾಕ್ಯ ಹೀಗಿರುತ್ತದೆ: ‘ಶ್ರೀ ಇಬ್ರಾಹಿಂ ಸುತಾರರು. ಭಜನೆ, ಪ್ರವಚನಗಳ ಮೂಲಕ ಊರೂರಿಗೆ ಭಾವೈಕ್ಯವನ್ನು ಸಾರಿದವರು. ಭಾರತ ಸರ್ಕಾರ ಇವರಿಗೆ 2018ರಲ್ಲಿ ಪದ್ಮಶ್ರೀ ನೀಡಿ ಗೌರವಿಸಿದೆ.’ ಹೆಸರು, ಕೆಲಸ, ಆಮೇಲೆ ಪ್ರಶಸ್ತಿ. ಜನ ಅವರನ್ನು ‘ಕನ್ನಡದ ಕಬೀರ’ ಎಂದು ಕರೆಯುತ್ತಿದ್ದರು. ಇಂಥ ಹೆಸರು ಬಳಸುವುದಾದರೆ ‘ಜನ ಹೀಗೆ ಕರೆಯುತ್ತಾರೆ’ ಎಂದು ಹೇಳಬೇಕು, ಸರ್ಕಾರ ಕೊಟ್ಟ ಬಿರುದು ಎಂಬ ಭಾವ ಬರಬಾರದು. ಸುತಾರರ ಶಾಲಾ ಓದು ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಅದನ್ನು ‘ಓದದಿದ್ದರೂ’ ಎಂಬ ಪದದಿಂದ ಶುರು ಮಾಡುವ ಪರಿಚಯಗಳನ್ನು ಬಿಡಬೇಕು. ಆ ‘-ದರೂ’ ಹೊಗಳಿಕೆಯ ವೇಷದಲ್ಲಿ ಬಂದ ಅವಮಾನ. ಕಲಿತದ್ದು ಎಲ್ಲಿಂದ, ಯಾರಿಂದ ಎಂದು ಹೇಳಿದರೆ ಮರ್ಯಾದೆಯೂ ಉಳಿಯುತ್ತದೆ, ಮಾಹಿತಿಯೂ ಹೆಚ್ಚುತ್ತದೆ.

ಕೆಲಸವನ್ನು ಹೇಳುವಾಗ ಕ್ರಿಯಾಪದದ ಮೇಲೆ ಕಣ್ಣಿರಬೇಕು. ಬರೆದರು, ಸಂಪಾದಿಸಿದರು, ಅನುವಾದಿಸಿದರು ಇವು ಮೂರೂ ಬೇರೆ. ‘ಇಪ್ಪತ್ತು ಕೃತಿಗಳ ಲೇಖಕರು’ ಎಂದ ಬಯೋಡಾಟಾದಲ್ಲಿ ಎಂಟು ಸಂಪಾದಿತ ಕೃತಿಗಳಿರಬಹುದು. ಪುಸ್ತಕದ ಒಳಗಿನ ಮುದ್ರಣ ವಿವರದ ಪುಟ ಅದನ್ನು ಒಂದು ನೋಟಕ್ಕೆ ತಿಳಿಸುತ್ತದೆ. ಸಾರ್ವಜನಿಕ ಕೆಲಸದಲ್ಲಂತೂ ಈ ಎಚ್ಚರ ಇನ್ನೂ ಬೇಕು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರು ತಮ್ಮ ಹಣ, ತಮ್ಮ ದುಡಿಮೆಯಿಂದ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಆ ರೈತರನ್ನು ಸಂಘಟಿಸಿದವರು ಸಿದ್ದು ನ್ಯಾಮಗೌಡರು. ಅದೇ ಕಾರಣಕ್ಕೆ ಅವರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಬಂತು. 1991ರಲ್ಲಿ ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಅವರು ಲೋಕಸಭೆಗೆ ಹೋದರು. ಇಂಥವರನ್ನು ‘ಬ್ಯಾರೇಜ್ ಕಟ್ಟಿದವರು’ ಎನ್ನುವುದಕ್ಕಿಂತ ‘ಬ್ಯಾರೇಜ್ ಕಟ್ಟಲು ರೈತರನ್ನು ಒಗ್ಗೂಡಿಸಿದವರು’ ಎನ್ನುವುದು ನಿಜಕ್ಕೆ ಹತ್ತಿರ. ಸಭೆಯಲ್ಲಿ ಅಂದು ಕಲ್ಲು ಹೊತ್ತ ರೈತರೇ ಕೂತಿದ್ದರೆ ಈ ವ್ಯತ್ಯಾಸ ಅವರಿಗೆ ಮೊದಲು ಗೊತ್ತಾಗುತ್ತದೆ.

ಇಷ್ಟೂ ಪರೀಕ್ಷೆಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಒಬ್ಬರ ಬದುಕಿನ ಮೇಲೆ ಇಟ್ಟು ನೋಡಬಹುದು. ಅದಕ್ಕೆ ಬಸಪ್ಪ ದಾನಪ್ಪ ಜತ್ತಿಯವರ ಬದುಕು ತಕ್ಕದ್ದು. ಅವರು ಸಾವಳಗಿಯವರು, ಅವರ ಬದುಕಿನ ಮುಖ್ಯ ಘಟನೆಗಳು ಸಾರ್ವಜನಿಕ ದಾಖಲೆಯಲ್ಲಿವೆ, ಮತ್ತು ಅವರ ಹುದ್ದೆಗಳ ಪಟ್ಟಿ ಎಂಥ ಪರಿಚಯಕಾರರನ್ನೂ ಮುಳುಗಿಸುವಷ್ಟು ಉದ್ದ. 1980ರ ದಶಕದ ಒಂದು ದಿನ ಅವರು ಜಮಖಂಡಿಯ ವೇದಿಕೆಗೆ ಬಂದಿದ್ದಾರೆ ಎಂದಿಟ್ಟುಕೊಂಡು ಅಭ್ಯಾಸಕ್ಕಾಗಿ ಬರೆದು ನೋಡೋಣ.

ಮೊದಲು ಎಲ್ಲವನ್ನೂ ಕಾಲಕ್ರಮದಲ್ಲಿ ಒಂದು ಹಾಳೆಯ ಮೇಲೆ ಇಳಿಸಬೇಕು. ಹುಟ್ಟಿದ್ದು 1912. ಕೊಲ್ಲಾಪುರದಲ್ಲಿ ಓದು, ಕಾನೂನು ಪದವಿ. ಜಮಖಂಡಿಯಲ್ಲಿ ವಕೀಲಿ. ಪಟ್ಟಣದ ಪುರಸಭೆಯ ಅಧ್ಯಕ್ಷತೆ. ಜಮಖಂಡಿ ಸಂಸ್ಥಾನದ ಮಂತ್ರಿ, ಆಮೇಲೆ ಅದೇ ಸಂಸ್ಥಾನದ ಮುಖ್ಯಮಂತ್ರಿ. 1948ರಲ್ಲಿ ಸಂಸ್ಥಾನದ ವಿಲೀನ. ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1964ರಲ್ಲಿ ಬಸವ ಸಮಿತಿಯ ಸ್ಥಾಪನೆ. 1968ರಿಂದ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಿಂದ ಒರಿಸ್ಸಾದ ರಾಜ್ಯಪಾಲ, 1974ರಿಂದ 1979ರವರೆಗೆ ಉಪರಾಷ್ಟ್ರಪತಿ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ.

ಹಾಳೆ ಮುಂದಿಟ್ಟುಕೊಂಡರೆ ಹೊಂಡಗಳು ತಾವಾಗಿ ಕಾಣುತ್ತವೆ. ‘ಮುಖ್ಯಮಂತ್ರಿ’ ಎಂಬ ಪದ ಎರಡು ಸಲ ಬಂದಿದೆ, ಒಂದು ಸಂಸ್ಥಾನದ್ದು, ಇನ್ನೊಂದು ರಾಜ್ಯದ್ದು. ಎರಡನ್ನೂ ಕೂಡಿಸಿ ಓದಿದರೆ ಅವರು ಎರಡು ಬಾರಿ ರಾಜ್ಯದ ಮುಖ್ಯಮಂತ್ರಿಯಾಗಿದ್ದರು ಎಂದಾಗುತ್ತದೆ. ‘ಕರ್ನಾಟಕದ ಮುಖ್ಯಮಂತ್ರಿ’ ಎಂಬುದೂ ಸಡಿಲ, ಆಗ ರಾಜ್ಯದ ಹೆಸರು ಮೈಸೂರು. ಎಲ್ಲಕ್ಕಿಂತ ದೊಡ್ಡ ಹೊಂಡ ‘ಮಾಜಿ ರಾಷ್ಟ್ರಪತಿ’ ಎಂಬ ಮಾತು. ಅವರು ಆ ಹುದ್ದೆಗೆ ಚುನಾಯಿತರಾದವರಲ್ಲ. ರಾಷ್ಟ್ರಪತಿ ಸ್ಥಾನ ತೆರವಾದಾಗ ಉಪರಾಷ್ಟ್ರಪತಿ ಆ ಕೆಲಸ ನೋಡಬೇಕೆಂದು ಸಂವಿಧಾನದ 65ನೇ ವಿಧಿ ಹೇಳುತ್ತದೆ, ಅದರಂತೆ ಐದೂವರೆ ತಿಂಗಳು ನಡೆಸಿದರು. ‘ಹಂಗಾಮಿ’ ಎಂಬ ಮೂರಕ್ಷರ ಬಿಟ್ಟರೆ ಅವರ ಹಿರಿಮೆ ಹೆಚ್ಚುವುದಿಲ್ಲ. ಇಟ್ಟರೆ ದೇಶದ ಒಂದು ಬಿಕ್ಕಟ್ಟಿನ ಕಾಲವನ್ನು ಅವರು ದಾಟಿಸಿದರು ಎಂಬ ಅರ್ಥ ಬರುತ್ತದೆ, ಅದೇ ಹೆಚ್ಚಿನ ಗೌರವ.

ಈಗ ಸಭೆ ಯಾರದ್ದು ಎಂಬುದನ್ನು ನಿರ್ಧರಿಸಬೇಕು. ಕಾನೂನು ವಿದ್ಯಾರ್ಥಿಗಳ ಮುಂದೆ ಸಂವಿಧಾನದ ಬಗ್ಗೆ ಮಾತಾಡಲು ಬಂದಿದ್ದರೆ ಪರಿಚಯ ಹೀಗಾಗಬಹುದು: ‘ಇಂದು ಸಂವಿಧಾನದ ಬಗ್ಗೆ ಮಾತಾಡುತ್ತಿರುವವರು ಅದರ 65ನೇ ವಿಧಿಯನ್ನು ಸ್ವತಃ ನಿರ್ವಹಿಸಿದವರು. ಶ್ರೀ ಬಿ.ಡಿ. ಜತ್ತಿಯವರು ಉಪರಾಷ್ಟ್ರಪತಿಯಾಗಿದ್ದಾಗ 1977ರಲ್ಲಿ ಐದೂವರೆ ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆ ವರ್ಷದ ಮಾರ್ಚ್‌ನಲ್ಲಿ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರು ಇವರೇ. ಈ ದಾರಿ ಶುರುವಾದದ್ದು ಇದೇ ಜಮಖಂಡಿಯಲ್ಲಿ, ವಕೀಲರಾಗಿ. ಶ್ರೀ ಜತ್ತಿಯವರು.’ ಮುಖ್ಯಮಂತ್ರಿ, ರಾಜ್ಯಪಾಲ ಹುದ್ದೆಗಳು ಇಲ್ಲಿ ಬರಲೇ ಇಲ್ಲ. ಬಿಟ್ಟದ್ದಕ್ಕೆ ಯಾರೂ ಬೇಸರ ಪಡುವುದಿಲ್ಲ, ಏಕೆಂದರೆ ಉಳಿದ ಸಾಲುಗಳೆಲ್ಲ ಭಾಷಣದ ವಿಷಯಕ್ಕೆ ನೇರ ತಾಗುತ್ತವೆ. ಆ ಅವಧಿಯಲ್ಲಿ ರಾಜ್ಯ ವಿಧಾನಸಭೆಗಳ ವಿಸರ್ಜನೆಯ ಬಗ್ಗೆ ನಡೆದ ವಿವಾದವೂ ಇಲ್ಲಿಲ್ಲ. ಅದನ್ನು ಎತ್ತುವುದು ಬಿಡುವುದು ಅತಿಥಿಗೆ ಸೇರಿದ್ದು.

ಬಸವ ಜಯಂತಿಯ ಸಭೆಯಾದರೆ ಇದೇ ವ್ಯಕ್ತಿಯ ಪರಿಚಯದಲ್ಲಿ ರಾಷ್ಟ್ರಪತಿ ಭವನ ಒಂದು ಉಪವಾಕ್ಯಕ್ಕೆ ಇಳಿಯುತ್ತದೆ, 1964ರ ಬಸವ ಸಮಿತಿ ಮೊದಲ ಸಾಲಿಗೆ ಏರುತ್ತದೆ. ಸಾವಳಗಿಯ ಶಾಲೆಯ ಮಕ್ಕಳ ಮುಂದಾದರೆ ಎರಡೂ ಬೇಡ: ‘ನೀವು ಓಡಾಡುವ ಇದೇ ಊರಿನಲ್ಲಿ ಹುಟ್ಟಿ ಬೆಳೆದವರು ಇವರು. ದೊಡ್ಡವರಾಗಿ ವಕೀಲರಾದರು, ಜಮಖಂಡಿ ಪುರಸಭೆಯ ಅಧ್ಯಕ್ಷರಾದರು, ನಮ್ಮ ರಾಜ್ಯದ ಮುಖ್ಯಮಂತ್ರಿಯಾದರು, ದೇಶದ ಉಪರಾಷ್ಟ್ರಪತಿಯಾದರು.’ ಮಕ್ಕಳಿಗೆ ವರ್ಷಗಳು ಬೇಕಾಗಿಲ್ಲ, ಮೆಟ್ಟಿಲುಗಳು ಬೇಕು. ಮೂರು ಪರಿಚಯಗಳೂ ಒಂದೇ ಹಾಳೆಯಿಂದ ಬಂದವು, ಮೂರರಲ್ಲೂ ಸುಳ್ಳಿಲ್ಲ.

ಬದುಕಿರುವ, ಅಷ್ಟೊಂದು ಹೆಸರಾಗದ ಅತಿಥಿಗಳ ವಿಷಯದಲ್ಲಿ ಕೇಳುಗರನ್ನು ತಿಳಿಯುವ ಕೆಲಸ ಇನ್ನೂ ಹೆಚ್ಚು. ಮುಧೋಳದಲ್ಲಿ ಕಬ್ಬು ಬೆಳೆಗಾರರ ಸಭೆಗೆ ಕೃಷಿ ವಿಜ್ಞಾನಿಯೊಬ್ಬರು ಬರುತ್ತಾರೆ ಎನ್ನಿ. ಬಯೋಡಾಟಾದ ಮೊದಲ ಪುಟದಲ್ಲಿ ಅಂತಾರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ಪ್ರಕಟವಾದ ಲೇಖನಗಳ ಸಂಖ್ಯೆ ಇರುತ್ತದೆ. ರೈತನ ಪ್ರಶ್ನೆ ಬೇರೆ. ಇವರು ಸವಳು-ಜವಳು ಭೂಮಿ ನೋಡಿದ್ದಾರಾ? ಗೊಣ್ಣೆಹುಳದ ಬಗ್ಗೆ ಕೆಲಸ ಮಾಡಿದ್ದಾರಾ? ಕಾಲುವೆ ನೀರಿನ ಎರೆಮಣ್ಣಿನಲ್ಲಿ ಪ್ರಯೋಗ ಮಾಡಿದ್ದಾರಾ, ಇಲ್ಲಾ ಬೇರೆ ಸೀಮೆಯ ಕೆಂಪುಮಣ್ಣಿನ ಮಾತನ್ನು ಇಲ್ಲಿ ಹೇಳುತ್ತಾರಾ? ಈ ಉತ್ತರ ಬಯೋಡಾಟಾದಲ್ಲಿ ಸಿಗುವುದು ಅಪರೂಪ. ಪ್ರಕಟಿತ ಲೇಖನಗಳ ಶೀರ್ಷಿಕೆ ನೋಡಿದರೆ ಸಿಗುತ್ತದೆ, ಅತಿಥಿಯನ್ನು ನೇರವಾಗಿ ಕೇಳಿದರೆ ಇನ್ನೂ ಬೇಗ ಸಿಗುತ್ತದೆ. ಘಟಪ್ರಭೆಯ ದಂಡೆಯ ಯಾವುದೋ ಹಳ್ಳಿಯಲ್ಲಿ ಎರಡು ಹಂಗಾಮು ಪ್ರಯೋಗ ನಡೆಸಿದ್ದರು ಎಂಬುದು ಗೊತ್ತಾದರೆ ಆ ಹಳ್ಳಿಯ ಹೆಸರೇ ಪರಿಚಯದ ಮುಖ್ಯ ಸಾಲು.

ಬನಹಟ್ಟಿಯ ನೇಕಾರರ ಸಭೆಗೂ ಇದೇ ಮಾತು. ಕೈಮಗ್ಗದ ಮೇಲೆ ಕೆಲಸ ಮಾಡಿದವರನ್ನೂ ವಿದ್ಯುತ್ ಮಗ್ಗದ ಮೇಲೆ ಕೆಲಸ ಮಾಡಿದವರನ್ನೂ ‘ಜವಳಿ ತಜ್ಞರು’ ಎಂಬ ಒಂದೇ ಪದದಲ್ಲಿ ಮುಗಿಸಿದರೆ ಕೇಳುಗರಿಗೆ ಏನೂ ತಿಳಿಯುವುದಿಲ್ಲ. ಈ ಎರಡರ ಕಷ್ಟ, ಯೋಜನೆ, ಲೆಕ್ಕಾಚಾರ ಎಲ್ಲ ಬೇರೆ. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಕಳೆದುಕೊಂಡವರ ಮುಂದೆ ಮಾತಾಡಲು ಬರುವ ನಿವೃತ್ತ ಅಧಿಕಾರಿಯ ಪರಿಚಯ ಇನ್ನಷ್ಟು ನಾಜೂಕು. ಅವರು ಪುನರ್ವಸತಿ ಇಲಾಖೆಯಲ್ಲಿದ್ದರೆ ಯಾವ ವರ್ಷಗಳಲ್ಲಿ, ಯಾವ ಹುದ್ದೆಯಲ್ಲಿ ಎಂಬುದನ್ನು ಸರಿಯಾಗಿ ಹೇಳಬೇಕು. ಹೊಗಳಿಕೆಯ ವಿಶೇಷಣ ಒಂದೂ ಬೇಡ. ಅವರ ಕೆಲಸದ ತೀರ್ಪು ಆ ಕೇಳುಗರ ಕೈಯಲ್ಲಿದೆ.

ಕೇಳುಗರ ಬಗ್ಗೆ ತಿಳಿಯಲು ಸಂಘಟಕರನ್ನು ಎರಡು ವಿಷಯ ಕೇಳಿದರೆ ಸಾಕು: ಬರುವವರಲ್ಲಿ ಹೆಚ್ಚಿನವರು ಯಾರು, ಅವರಲ್ಲಿ ಎಷ್ಟು ಜನರಿಗೆ ಈ ಅತಿಥಿ ಮೊದಲೇ ಗೊತ್ತು. ಎಲ್ಲರಿಗೂ ಗೊತ್ತಿದ್ದರೆ ಪರಿಚಯ ನಾಲ್ಕು ಸಾಲಿಗೆ ಮುಗಿಯಲಿ, ಆ ನಾಲ್ಕರಲ್ಲಿ ಒಂದು ಅವರಿಗೆ ಗೊತ್ತಿಲ್ಲದ ಸಂಗತಿ ಇರಲಿ.

ಕರಡು ಸಿದ್ಧವಾದ ಮೇಲೆ, ಕಾರ್ಯಕ್ರಮಕ್ಕೆ ಎರಡು ಮೂರು ದಿನ ಇರುವಾಗ, ಅದನ್ನು ಅತಿಥಿಗೆ ಫೋನಿನಲ್ಲಿ ಓದಿ ತೋರಿಸಬೇಕು. ‘ಸರ, ನಿಮ್ಮ ಪರಿಚಯ ಒಂದೂವರೆ ನಿಮಿಷದ್ದೈತ್ರಿ, ಓದತೀನಿ, ತಪ್ಪಿದ್ರ ತಿದ್ದ್ರಿ’ ಎಂದರೆ ಬೇಡ ಎನ್ನುವವರು ಯಾರೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಕ್ಕಿಂತ ಓದಿ ಹೇಳುವುದು ಮೇಲು, ಕಳಿಸಿದ್ದನ್ನು ಹಲವರು ಓದದೆ ‘ಸರಿ ಇದೆ’ ಎಂದುಬಿಡುತ್ತಾರೆ. ಓದುವಾಗ ಉಚ್ಚಾರದ ತಪ್ಪೂ ಆಗಲೇ ತಿದ್ದಿಹೋಗುತ್ತದೆ. ಅತಿಥಿ ಹೇಳಿದ್ದಕ್ಕೂ ದಾಖಲೆಯಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ವಾದಕ್ಕೆ ಹೋಗದೆ ಆ ಸಾಲನ್ನೇ ಬಿಡಬಹುದು. ವರ್ಷ ತಾಳೆಯಾಗದಿದ್ದರೆ ವರ್ಷ ಬಿಟ್ಟು ಸಂಗತಿಯನ್ನು ಉಳಿಸಬಹುದು. 150 ಪದಗಳಲ್ಲಿ ಒಂದು ಸಾಲು ಕಡಿಮೆಯಾದರೆ ಸಭೆಗೆ ಗೊತ್ತೇ ಆಗುವುದಿಲ್ಲ.

ಬಿಡಬೇಕಾದವುಗಳಲ್ಲಿ ವಯಸ್ಸು, ಜಾತಿ, ಮನೆಯ ಸಾವು-ನೋವು, ಕಾಯಿಲೆ, ಪಕ್ಷ ಬದಲಾವಣೆ ಮುಖ್ಯ. ಅತಿಥಿಯೇ ತಾನಾಗಿ ಹೇಳು ಎಂದರೆ ಮಾತ್ರ ಇವು ಬರಬಹುದು. ಅತಿಥಿಯ ಭಾಷಣದ ಸಾರವನ್ನು ಪರಿಚಯದಲ್ಲೇ ಹೇಳಿಬಿಡುವುದು ಇನ್ನೊಂದು ತಪ್ಪು. ಅವರ ಹೊಸ ಪುಸ್ತಕ ಓದಿ ಉತ್ಸಾಹಗೊಂಡ ಪರಿಚಯಕಾರರಿಂದಲೇ ಇದು ಹೆಚ್ಚು ಆಗುತ್ತದೆ. ಸ್ವಾಗತ, ನಿರೂಪಣೆ, ಪರಿಚಯ ಮೂರೂ ಬೇರೆಯವರ ಕೈಯಲ್ಲಿದ್ದರೆ ಅತಿಥಿಯ ಹುದ್ದೆಯನ್ನು ಮೂವರೂ ಹೇಳುತ್ತಾರೆ. ಅದಕ್ಕೆ ಮೂವರೂ ಮೊದಲೇ ಕೂತು ಹಂಚಿಕೊಳ್ಳಬೇಕು. ಸ್ವಾಗತದಲ್ಲಿ ಹೆಸರು ಮತ್ತು ಒಂದು ಹುದ್ದೆ, ಪರಿಚಯದಲ್ಲಿ ಕೆಲಸ, ನಿರೂಪಕರಿಗೆ ಹೆಸರು ಮಾತ್ರ.

ಓದುವ ಕಾಗದ ಒಂದೇ ಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಕಷ್ಟದ ಹೆಸರುಗಳನ್ನು ಬಿಡಿಸಿ ಬರೆದುಕೊಳ್ಳಬೇಕು. ಅತಿಥಿಯ ಹೆಸರು ಕೊನೆಯ ಸಾಲಿನಲ್ಲಿ ಮತ್ತೊಮ್ಮೆ ಬಂದರೆ ಚಪ್ಪಾಳೆ ಯಾವಾಗ ಎಂದು ಸಭೆಗೆ ತಾನಾಗಿ ತಿಳಿಯುತ್ತದೆ. ಕಾರ್ಯಕ್ರಮದ ಬೆಳಿಗ್ಗೆ ಒಮ್ಮೆ ಪತ್ರಿಕೆ ನೋಡುವುದು ಒಳ್ಳೆಯದು, ಹುದ್ದೆ ಬದಲಾವಣೆ, ಪ್ರಶಸ್ತಿ ಪ್ರಕಟಣೆ ಹಿಂದಿನ ರಾತ್ರಿಯೇ ಆಗಿರಬಹುದು. ಅತಿಥಿ ಬರಲಾಗದೆ ಬೇರೆಯವರು ಬಂದರೆ ಹಳೆಯ ಕಾಗದವನ್ನು ತಿದ್ದಿ ಓದಬಾರದು. ವೇದಿಕೆ ಏರುವ ಮುನ್ನ ಐದು ನಿಮಿಷ ಅವರ ಹತ್ತಿರ ಕೂತು ಹೆಸರು, ಹುದ್ದೆ, ಈ ವಿಷಯದ ಜೊತೆಗಿನ ಸಂಬಂಧ ಕೇಳಿಕೊಂಡು ಮೂರು ಸಾಲು ಹೇಳಿದರೆ ಸಾಕು.

ಕಾರ್ಯಕ್ರಮ ಮುಗಿದ ಮೇಲೆ ಕಾಗದವನ್ನು ಎಸೆಯದೆ, ಯಾವ ಸಂಗತಿ ಎಲ್ಲಿಂದ ಸಿಕ್ಕಿತು, ಯಾವ ದಿನ ಖಚಿತವಾಯಿತು ಎಂದು ಹಿಂಬದಿಯಲ್ಲಿ ಬರೆದು ಸಂಘದ ಕಡತದಲ್ಲಿ ಇಡಬೇಕು. ಅದೇ ಅತಿಥಿ ಎರಡು ವರ್ಷದ ಮೇಲೆ ಮತ್ತೆ ಬಂದಾಗ ಹುಟ್ಟೂರು, ಓದು, ಹಳೆಯ ಪುಸ್ತಕಗಳನ್ನು ಮತ್ತೆ ಹುಡುಕಬೇಕಿಲ್ಲ. ಈಗಿನ ಹುದ್ದೆಯನ್ನೂ ಆ ದಿನದ ವಿಷಯಕ್ಕೆ ಹೊಂದುವ ಸಾಲನ್ನೂ ಮಾತ್ರ ಹೊಸದಾಗಿ ಕೇಳಿ ಬರೆಯಬೇಕು.